ಜಿಪಿಎಸ್ ಎತ್ತರ, ಬೆಂಚ್‌ಮಾರ್ಕ್ ಆರ್‌ಎಲ್: ಎರಡನ್ನೂ ಒಂದೇ ಸೊನ್ನೆಗೆ ತರಲು ಯಾವ ದಾರಿ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ ಜಾಲಕ್ಕೆ ಸೇರಿದ ಒಂದು ಕಾಯಂ ನಿಲ್ದಾಣವಿದೆ. ಅದರ ಎತ್ತರ ಸುಮಾರು 844 ಮೀಟರ್ ಎಂದು ದಾಖಲಾಗಿದೆ. ಅದೇ ಆವರಣಕ್ಕೆ ಲೆವೆಲಿಂಗ್ ಮಾಡಿಕೊಂಡು ಹೋದರೆ ಸಮುದ್ರ ಮಟ್ಟದಿಂದ ಸುಮಾರು 930 ಮೀಟರ್ ಬರುತ್ತದೆ. ಎರಡೂ ಸರಿ. ಒಂದು ಅಂಕಿ ಭೂಮಿಯ ಗಣಿತದ ಆಕಾರವಾದ ಎಲಿಪ್ಸಾಯ್ಡ್‌ನಿಂದ ಅಳೆದದ್ದು, ಇನ್ನೊಂದು ನೀರು ನಿಲ್ಲುವ ಮಟ್ಟವನ್ನು ಅನುಸರಿಸುವ ಜಿಯಾಯ್ಡ್‌ನಿಂದ ಅಳೆದದ್ದು.

ಈ 86 ಮೀಟರ್‌ಗೆ ಹೆದರಬೇಕಿಲ್ಲ. ನಕ್ಷೆಯಲ್ಲಿ ರಸ್ತೆ 86 ಮೀಟರ್ ಕೆಳಗೆ ಹೋದರೆ ಯಾರ ಕಣ್ಣಿಗೂ ಬೀಳುತ್ತದೆ, ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ಕೆಲಸ ಕೆಡಿಸುವುದು ಅದನ್ನು ಸರಿಪಡಿಸಿದೆವು ಎಂದುಕೊಂಡ ಮೇಲೂ ಉಳಿಯುವ 15, 25, 30 ಸೆಂ.ಮೀ. ಅವು ನಕ್ಷೆಯಲ್ಲಿ ಕಾಣುವುದಿಲ್ಲ. ನೀರು ಬಿಟ್ಟ ದಿನ ಕಾಣುತ್ತವೆ.

ಡಿಜಿಪಿಎಸ್ ರೋವರ್‌ನಿಂದ ಬಂದ ಎತ್ತರವನ್ನು ಬೆಂಚ್‌ಮಾರ್ಕ್‌ನ ಆರ್‌ಎಲ್ ಜೊತೆ ಕೂಡಿಸಲು ನಮ್ಮಲ್ಲಿ ಬಳಕೆಯಲ್ಲಿರುವ ದಾರಿಗಳನ್ನು ಇಲ್ಲಿ ಒಂದೇ ಕಾಲುವೆಯ ಲೆಕ್ಕದ ಮೇಲೆ ಹೋಲಿಸಿದ್ದೇನೆ. ಅದಕ್ಕೆ ಮುಂಚೆ ಎರಡೂ ಕಡೆಯ ಸೊನ್ನೆ ಎಲ್ಲಿದೆ ಎಂದು ನೋಡಿಕೊಳ್ಳಬೇಕು.

## ಜಿಪಿಎಸ್ ಕಡೆಯ ಸೊನ್ನೆ

ಸೂತ್ರ ಇಷ್ಟೇ:

```
H = h - N
```

h ಎಂದರೆ ಜಿಪಿಎಸ್ ಕೊಡುವ ಎಲಿಪ್ಸಾಯ್ಡ್ ಎತ್ತರ. H ಎಂದರೆ ಲೆವೆಲಿಂಗ್‌ನ ಎತ್ತರ, ಅಂದರೆ ನಮ್ಮ ಆರ್‌ಎಲ್. N ಎಂದರೆ ಆ ಜಾಗದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ಎಷ್ಟು ಮೇಲಿದೆ ಎಂಬ ಅಳತೆ. ಶ್ರೀಲಂಕಾದ ದಕ್ಷಿಣಕ್ಕಿರುವ ಸಾಗರದಲ್ಲಿ ಜಿಯಾಯ್ಡ್ 106 ಮೀಟರ್‌ನಷ್ಟು ಕುಸಿದಿದೆ. ಭೂಮಿಯ ಮೇಲೆ ಅದಕ್ಕಿಂತ ಆಳವಾದ ತಗ್ಗು ಇನ್ನೊಂದಿಲ್ಲ. ನಾವು ಆ ತಗ್ಗಿನ ಅಂಚಿನ ಇಳಿಜಾರಿನಲ್ಲಿದ್ದೇವೆ. ಹಾಗಾಗಿ ನಮ್ಮಲ್ಲಿ N ಋಣ ಸಂಖ್ಯೆ, ಮತ್ತು ಜಿಪಿಎಸ್ ಎತ್ತರ ಯಾವಾಗಲೂ ಆರ್‌ಎಲ್‌ಗಿಂತ ಕಡಿಮೆ. ಕರಾವಳಿಯಲ್ಲಿ ನಿಂತವರಿಗೆ ಎಲಿಪ್ಸಾಯ್ಡ್ ಎತ್ತರ ಸೊನ್ನೆಗಿಂತ ಎಷ್ಟೋ ಕೆಳಗೆ ಬಂದರೆ ಉಪಕರಣ ಕೆಟ್ಟಿದೆ ಎಂದಲ್ಲ.

ಇಲ್ಲಿ ಮುಖ್ಯವಾದದ್ದು N ಎಷ್ಟು ಎಂಬುದಕ್ಕಿಂತ ಅದು ಎಷ್ಟು ಬೇಗ ಬದಲಾಗುತ್ತದೆ ಎಂಬುದು. ಬೆಂಗಳೂರಿನಲ್ಲಿ N ಸುಮಾರು −86 ಮೀಟರ್, ಹೈದರಾಬಾದಿನಲ್ಲಿ ಸುಮಾರು −76. ನೇರ ದೂರ 500 ಕಿ.ಮೀ. ಆಸುಪಾಸು. ಅಂದರೆ ಕಿಲೋಮೀಟರಿಗೆ ಸರಾಸರಿ 2 ಸೆಂ.ಮೀ. ಓರೆ. ಕಟ್ಟಡದ ನಿವೇಶನಕ್ಕೆ ಇದು ಲೆಕ್ಕಕ್ಕೇ ಬಾರದು. ಆದರೆ ಕಾಲುವೆಯ ತಳಕ್ಕೆ 8000ಕ್ಕೆ 1ರ ಇಳಿಜಾರು ಕೊಟ್ಟಿದ್ದರೆ ಅದು ಕಿಲೋಮೀಟರಿಗೆ ಹನ್ನೆರಡೂವರೆ ಸೆಂ.ಮೀ. ಮಾತ್ರ. ಅದರಲ್ಲಿ 2 ಸೆಂ.ಮೀ. ಮರೆತರೆ ಆರರಲ್ಲಿ ಒಂದು ಪಾಲು ಇಳಿಜಾರನ್ನೇ ಕಳೆದುಕೊಂಡಂತೆ, ಇಲ್ಲವೇ ಇಲ್ಲದ್ದನ್ನು ಸೇರಿಸಿಕೊಂಡಂತೆ.

## ಬೆಂಚ್‌ಮಾರ್ಕ್ ಕಡೆಯ ಸೊನ್ನೆ

ಪತ್ರಿಕೆಯಲ್ಲಿ ಮಳೆಗಾಲದಲ್ಲಿ ದಿನವೂ ಬರುವ ಜಲಾಶಯದ ಮಟ್ಟಗಳನ್ನೇ ನೋಡಿ. ಕೆಆರ್‌ಎಸ್ ತುಂಬಿದರೆ 124.80 ಅಡಿ, ಕಬಿನಿ 2284 ಅಡಿ, ತುಂಗಭದ್ರಾ 1633 ಅಡಿ. ಕೆಆರ್‌ಎಸ್ ಮಟ್ಟ ಅಣೆಕಟ್ಟೆಯದೇ ಸ್ಥಳೀಯ ಸೊನ್ನೆಯಿಂದ ಎಣಿಸಿದ್ದು, ಉಳಿದ ಎರಡು ಸಮುದ್ರ ಮಟ್ಟದಿಂದ ಎಣಿಸಿದವು. ಮೂರೂ 'ಅಡಿ', ಮೂರೂ 'ಮಟ್ಟ'. ಸೊನ್ನೆ ಮಾತ್ರ ಒಂದಲ್ಲ.

ಪ್ರಾಜೆಕ್ಟ್‌ಗಳಲ್ಲೂ ಇದೇ ಕತೆ. ಗುತ್ತಿಗೆದಾರರ ಕೈಗೆ ಬರುವ ಟಿಬಿಎಂ ಪಟ್ಟಿಯಲ್ಲಿ 100.000 ಎಂದಿದ್ದರೆ ಯಾರೋ ಒಂದು ಕಲ್ಲಿಗೆ ತಾವಾಗಿ ಕೊಟ್ಟ ಮಟ್ಟ ಅದು ಎಂದು ತಿಳಿಯುತ್ತದೆ. ಆದರೆ 640 ಚಿಲ್ಲರೆ ಇದ್ದರೆ? ಅದು ಜಿಟಿಎಸ್ ಬೆಂಚ್‌ಮಾರ್ಕ್‌ನಿಂದ ಲೆವೆಲಿಂಗ್ ಮಾಡಿ ತಂದದ್ದಿರಬಹುದು, ಹಳೆಯ ಕಾಲುವೆಯ ನಕ್ಷೆಯಿಂದ ಎತ್ತಿಕೊಂಡದ್ದಿರಬಹುದು, ಅಥವಾ ಯಾರೋ ಕೈ ಜಿಪಿಎಸ್ ಹಿಡಿದು ಓದಿ ಮೂರು ದಶಾಂಶ ಸೇರಿಸಿ ಬರೆದದ್ದೂ ಇರಬಹುದು. ಕೊನೆಯದು ನೀವು ಅಂದುಕೊಂಡಷ್ಟು ಅಪರೂಪವಲ್ಲ. ಆದ್ದರಿಂದ ಪ್ರತಿ ಟಿಬಿಎಂಗೂ ಅದು ಯಾವ ಜಿಟಿಎಸ್ ಗುರುತಿನಿಂದ ಬಂತು, ಲೆವೆಲಿಂಗ್ ಹೋಗಿ ಬಂದು ಮುಚ್ಚಿದೆಯೇ, ಫೀಲ್ಡ್ ಬುಕ್ ಎಲ್ಲಿದೆ ಎಂದು ಮೊದಲು ಕೇಳಿ.

ಜಿಟಿಎಸ್ ಮಟ್ಟಗಳ ಹಿಂದಿರುವುದು 1909ರ ಭಾರತೀಯ ಡೇಟಮ್. ಕರಾಚಿ, ಮುಂಬೈ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣ, ಚೆನ್ನೈ, ವಿಶಾಖಪಟ್ಟಣ, ಫಾಲ್ಸ್ ಪಾಯಿಂಟ್ ಎಂಬ ಒಂಬತ್ತು ಕಡೆಗಳಲ್ಲಿ ಉಬ್ಬರವಿಳಿತ ಅಳೆದು, ಒಂಬತ್ತರಲ್ಲೂ ಸರಾಸರಿ ಸಮುದ್ರ ಮಟ್ಟ ಸೊನ್ನೆಯೇ ಎಂದು ಹಿಡಿದು ದೇಶದ ಲೆವೆಲಿಂಗ್ ಜಾಲವನ್ನು ಅದಕ್ಕೆ ಕಟ್ಟಿದರು. ನಿಜದಲ್ಲಿ ಸಮುದ್ರ ಎಲ್ಲ ತೀರದಲ್ಲೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಜಾಲವನ್ನು ಆ ಒಂಬತ್ತು ಸೊನ್ನೆಗಳಿಗೆ ಒಂದಿಷ್ಟು ಎಳೆದು ಕೂರಿಸಿದಂತಾಯಿತು. ಸರ್ವೇ ಆಫ್ ಇಂಡಿಯಾ ಆಮೇಲೆ ಗುರುತ್ವದ ಅಳತೆಗಳನ್ನೂ ಸೇರಿಸಿ ಐವಿಡಿ2009 ಎಂಬ ಹೊಸ ಡೇಟಮ್ ತಂದಿದೆ. ಹಳೆಯ ಪಟ್ಟಿಯ ಒಂದು ಬೆಂಚ್‌ಮಾರ್ಕ್, ಹೊಸ ಪಟ್ಟಿಯ ಇನ್ನೊಂದು ಎಂದು ಬೆರೆಸಬೇಡಿ. ಹಳೆಯ ಕಾಲುವೆ, ಅಣೆಕಟ್ಟೆ, ಸೇತುವೆಗೆ ಜೋಡಿಸುವ ಕೆಲಸವಾದರೆ ಅವನ್ನು ಯಾವುದರಲ್ಲಿ ಕಟ್ಟಿದ್ದಾರೋ ಅದರಲ್ಲೇ ಇರುವುದು ಕ್ಷೇಮ.

ಜಾಗತಿಕ ಜಿಯಾಯ್ಡ್ ಮಾದರಿಗಳಿಗೆ ಕಾರವಾರವೂ ಗೊತ್ತಿಲ್ಲ, ಚೆನ್ನೈಯೂ ಗೊತ್ತಿಲ್ಲ. ಅವುಗಳ ಸೊನ್ನೆ ಇಡೀ ಭೂಮಿಗೆ ಒಂದೇ. ಹಾಗಾಗಿ ಮಾದರಿಯಿಂದ ತೆಗೆದ H, ಬೆಂಚ್‌ಮಾರ್ಕ್‌ನ H ಜೊತೆ ಒಂದೆರಡು ಗೇಣು ಮೇಲೆ ಕೆಳಗೆ ಆದರೆ ಇಬ್ಬರಲ್ಲಿ ಒಬ್ಬರು ತಪ್ಪು ಎಂದೇನಲ್ಲ.

## ಒಂದು ಕಾಲುವೆ, ನಾಲ್ಕು ಬೆಂಚ್‌ಮಾರ್ಕ್

ಬಯಲು ಸೀಮೆಯಲ್ಲಿ 12.3 ಕಿ.ಮೀ. ಉದ್ದದ ವಿತರಣಾ ಕಾಲುವೆ ಎಂದುಕೊಳ್ಳಿ, ತಳದ ಇಳಿಜಾರು 8000ಕ್ಕೆ 1. ಅಂಕಿಗಳು ಲೆಕ್ಕ ತೋರಿಸಲೆಂದು ನಾನೇ ಇಟ್ಟವು. ದಾರಿಯಲ್ಲಿ ನಾಲ್ಕು ಬೆಂಚ್‌ಮಾರ್ಕ್ ಇವೆ, ನಾಲ್ಕರ ಮೇಲೂ ಬೇರೆ ಬೇರೆ ಹೊತ್ತಿನಲ್ಲಿ ಎರಡೆರಡು ಬಾರಿ ಸ್ಟ್ಯಾಟಿಕ್ ಜಿಪಿಎಸ್ ಇಟ್ಟು ಅಳೆದಿದ್ದಾರೆ. ಬೆಂಚ್‌ಮಾರ್ಕ್ ಮರದಡಿ ಅಥವಾ ಗೋಡೆಯ ಪಕ್ಕ ಇದ್ದರೆ ಹತ್ತಿರದ ಬಯಲಲ್ಲಿ ಒಂದು ಮೊಳೆ ಹೊಡೆದು, ಆಟೋ ಲೆವೆಲ್‌ನಿಂದ ಮಟ್ಟವನ್ನು ಅದಕ್ಕೆ ದಾಟಿಸಿ, ಆ ಮೊಳೆಯ ಮೇಲೆ ಜಿಪಿಎಸ್ ಇಡಬೇಕು. ಎಲೆಗಳ ಕೆಳಗೆ ಕೂತ ಆಂಟೆನಾ ಕೊಡುವ ಎತ್ತರವನ್ನು ನಂಬಲಾಗದು.

| ಬಿಎಂ | ಚೈನೇಜ್ (ಕಿ.ಮೀ.) | ಆರ್‌ಎಲ್ H | ಜಿಪಿಎಸ್ h | h − H | ಇಜಿಎಂ2008ರ N | ವ್ಯತ್ಯಾಸ |
|---|---|---|---|---|---|---|
| 1 | 0.0 | 642.318 | 557.105 | −85.213 | −85.470 | +0.257 |
| 2 | 4.2 | 639.774 | 554.497 | −85.277 | −85.545 | +0.268 |
| 3 | 8.1 | 631.206 | 545.842 | −85.364 | −85.620 | +0.256 |
| 4 | 12.3 | 628.951 | 543.190 | −85.761 | −85.700 | −0.061 |

ಕೊನೆಯ ಕಾಲಂ ಎಂದರೆ ಅಳೆದು ಸಿಕ್ಕ h − H ಯಿಂದ ಮಾದರಿ ಹೇಳುವ N ಕಳೆದದ್ದು. ಸದ್ಯಕ್ಕೆ ಅದು ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡು ಒಂದೊಂದೇ ದಾರಿ ಹಿಡಿಯೋಣ.

ಒಂದೇ ಬೆಂಚ್‌ಮಾರ್ಕ್‌ಗೆ ಕೂರಿಸುವುದು. ಬಿಎಂ-1ರ ಮೇಲೆ ಬೇಸ್ ಇಟ್ಟು, ಅಲ್ಲಿ ಎತ್ತರ 642.318 ಎಂದು ತುಂಬಿ, ಅಲ್ಲಿಂದ ಮುಂದಕ್ಕೆ ರೋವರ್ ಹಿಡಿದು ಹೊರಡುವುದು. ಸೈಟ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವುದು ಇದೇ. ಹೀಗೆ ಮಾಡಿದಾಗ ನೀವು ಹೇಳದೆಯೇ N ಎಲ್ಲ ಕಡೆಯೂ −85.213 ಎಂದು ಒಪ್ಪಿಕೊಂಡಂತೆ. ಬಿಎಂ-3ರಲ್ಲಿ ರೋವರ್ 631.055 ತೋರಿಸುತ್ತದೆ, ಇರಬೇಕಾದದ್ದು 631.206. ಎಂಟು ಕಿಲೋಮೀಟರಿನಲ್ಲಿ 15 ಸೆಂ.ಮೀ. ಹೋಯಿತು. ಕಾಲುವೆಯ ತುದಿಗೆ ಅದು ಸುಮಾರು 23 ಸೆಂ.ಮೀ. ಆಗುತ್ತದೆ.

ಇದರಿಂದ ಕಾಲುವೆಗೆ ಏನಾಗುತ್ತದೆ? ವಿನ್ಯಾಸದ ಪ್ರಕಾರ ತಳ ಒಟ್ಟು 1.54 ಮೀಟರ್ ಇಳಿಯಬೇಕು. ರೋವರ್ ತನ್ನ ಲೆಕ್ಕದಲ್ಲಿ ಸರಿಯಾದ ಮಟ್ಟವನ್ನೇ ಗುರುತಿಸಿತು, ಆದರೆ ತುದಿಯಲ್ಲಿ ನಿಜವಾದ ತಳ 23 ಸೆಂ.ಮೀ. ಮೇಲೆ ಉಳಿಯಿತು. ಇಳಿದದ್ದು 1.31 ಮೀಟರ್, ಇಳಿಜಾರು ಸುಮಾರು 9400ಕ್ಕೆ 1. ಹರಿವು ಇಳಿಜಾರಿನ ವರ್ಗಮೂಲಕ್ಕೆ ತಕ್ಕಂತೆ ಹೋಗುವುದರಿಂದ ಅದೇ ಆಳಕ್ಕೆ ನೀರು ಸುಮಾರು 8 ಪ್ರತಿಶತ ಕಡಿಮೆ. ಹೂಳು, ಕಳೆ ಎಲ್ಲ ಸೇರಿದ ಮೇಲೆ ಇದರ ಬಿಸಿ ತಟ್ಟುವುದು ಟೇಲ್ ಎಂಡ್ ರೈತರಿಗೆ. ಕಾರಣ ಸರ್ವೆಯಲ್ಲಿದೆ ಎಂದು ಆಗ ಯಾರೂ ಹುಡುಕುವುದಿಲ್ಲ.

ಅರ್ಧ ಕಿಲೋಮೀಟರ್ ಒಳಗಿನ ನಿವೇಶನ, ಶಾಲಾ ಕಟ್ಟಡ, ಪೆಟ್ರೋಲ್ ಬಂಕ್ ಆದರೆ ಈ ದಾರಿಯೇ ಸಾಕು. ಅಲ್ಲಿ ಜಿಯಾಯ್ಡ್‌ನ ಓರೆ ಒಂದು ಸೆಂ.ಮೀ.ಗೂ ಕಡಿಮೆ, ಆರ್‌ಟಿಕೆಯ ಎತ್ತರವೇ 2–3 ಸೆಂ.ಮೀ. ಆಚೀಚೆ ಆಡುತ್ತದೆ. ಆದರೆ ಆ ಒಂದು ಬೆಂಚ್‌ಮಾರ್ಕ್ ಕೆಟ್ಟಿದ್ದರೆ ತಿಳಿಯುವ ದಾರಿಯೇ ಇರುವುದಿಲ್ಲ. ಎರಡನೆಯದನ್ನು ಹೋಗಿ ಮುಟ್ಟಿ ಬನ್ನಿ.

ಬರೀ ಜಿಯಾಯ್ಡ್ ಮಾದರಿ. ಬೆಂಚ್‌ಮಾರ್ಕ್ ಗೊಡವೆಯೇ ಬೇಡ, ಇಜಿಎಂ2008 ಹಾಕಿ H ತೆಗೆಯೋಣ ಎನ್ನುವವರಿದ್ದಾರೆ. ಬಿಎಂ-1ರಲ್ಲಿ 642.575 ಬರುತ್ತದೆ, ಆರ್‌ಎಲ್‌ಗಿಂತ 26 ಸೆಂ.ಮೀ. ಹೆಚ್ಚು. ಬಿಎಂ-2, 3ರಲ್ಲೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು. ಗಮನಿಸಿ, ಮೊದಲ ದಾರಿಯ ದೋಷ ಬೆಳೆಯುತ್ತಾ ಹೋಯಿತು, ಇದರ ದೋಷ ಎಲ್ಲ ಕಡೆ ಒಂದೇ. ಕಾಲುವೆಯ ಇಳಿಜಾರು ಸರಿಯಾಗೇ ಬರುತ್ತದೆ. ಆದರೆ ಹಳೆಯ ಮುಖ್ಯ ಕಾಲುವೆಯ ತೂಬಿಗೆ ಜೋಡಿಸುವ ಜಾಗದಲ್ಲಿ 26 ಸೆಂ.ಮೀ. ಮೆಟ್ಟಿಲು ಬೀಳುತ್ತದೆ. ಇಡೀ ಪ್ರಾಜೆಕ್ಟ್ ಹೊಸದು, ಹಳೆಯ ಯಾವುದಕ್ಕೂ ತಾಗುವುದಿಲ್ಲ, ಬೇಕಾದದ್ದು ಪ್ರಾಥಮಿಕ ಅಂದಾಜು ಮಾತ್ರ ಎಂದರೆ ನಡೆಯುತ್ತದೆ.

ಹಳೆಯ ಇಜಿಎಂ96 ಮಾದರಿಯನ್ನು ಬಳಸಬೇಡಿ. ಅದು ಸುಮಾರು 55 ಕಿ.ಮೀ.ಗಿಂತ ಸಣ್ಣ ಏರಿಳಿತವನ್ನು ಹಿಡಿಯುವುದಿಲ್ಲ. 2008ರದ್ದು 9 ಕಿ.ಮೀ.ವರೆಗೆ ಹೋಗುತ್ತದೆ, ಗುರುತ್ವದ ಒಳ್ಳೆಯ ಅಳತೆ ಇದ್ದ ಕಡೆ ಮಾತ್ರ. ಸರ್ವೇ ಆಫ್ ಇಂಡಿಯಾದ ಜಿಯಾಯ್ಡ್ ಮಾದರಿ ನಿಮ್ಮ ಜಾಗಕ್ಕೆ ಸಿಕ್ಕರೆ ಇಜಿಎಂ ಜಾಗದಲ್ಲಿ ಅದನ್ನು ಹಾಕಿ, ಮುಂದಿನ ಕ್ರಮ ಬದಲಾಗುವುದಿಲ್ಲ.

ಸೈಟ್ ಕ್ಯಾಲಿಬ್ರೇಷನ್. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಎಲ್ಲಕ್ಕಿಂತ ಅಚ್ಚುಕಟ್ಟಾಗಿ ಕಾಣುವುದೂ ಇದೇ, ಮೋಸ ಹೋಗುವುದೂ ಇದರಲ್ಲೇ. ಕಂಟ್ರೋಲರ್‌ಗೆ ನಾಲ್ಕೂ ಬೆಂಚ್‌ಮಾರ್ಕ್ ಕೊಟ್ಟರೆ ಅದು h − H ಅಂಕಿಗಳ ಮೂಲಕ ಒಂದು ಓರೆ ಸಮತಲವನ್ನು ಕೂರಿಸುತ್ತದೆ. ಉಳಿಕೆ ಹೆಚ್ಚಿದ್ದ ಬೆಂಚ್‌ಮಾರ್ಕನ್ನು ನಾವು ತೆಗೆದುಹಾಕುತ್ತೇವೆ, ಉಳಿದದ್ದು ಹಸಿರಾದರೆ ಮುಂದೆ ಹೋಗುತ್ತೇವೆ.

ಕಾಲುವೆಯ ಉದ್ದಕ್ಕೆ ಮಾತ್ರ ಓರೆ ಇದೆ ಎಂದು ಹಿಡಿದು ನಾಲ್ಕು ಬಿಂದುಗಳಿಗೆ ಕನಿಷ್ಠ ವರ್ಗದ ಗೆರೆ ಹಾಕಿ ನೋಡಿ. ಉಳಿಕೆಗಳು ಕ್ರಮವಾಗಿ −7.1, +4.4, +12.3, −9.6 ಸೆಂ.ಮೀ. ಅತಿ ಹೆಚ್ಚು ಬಿಎಂ-3ರದ್ದು. ಅಭ್ಯಾಸದಂತೆ ಅದನ್ನು ಕಿತ್ತು ಮತ್ತೆ ಲೆಕ್ಕ ಮಾಡಿದರೆ ಉಳಿದ ಮೂರಕ್ಕೆ −5.2, +7.9, −2.7. ಈಗ ಎಲ್ಲಕ್ಕಿಂತ ಚೆನ್ನಾಗಿ ಕೂತಿರುವುದು ಬಿಎಂ-4!

ಮೇಲಿನ ಪಟ್ಟಿಯ ಕೊನೆಯ ಕಾಲಂ ಈಗ ನೋಡಿ. 0.257, 0.268, 0.256, ಆಮೇಲೆ −0.061. ಕೆಟ್ಟದ್ದು ನಾಲ್ಕನೆಯದೇ, ಅದೂ 32 ಸೆಂ.ಮೀ.ನಷ್ಟು. ತುದಿಯಲ್ಲಿ ಕೂತ ಬಿಂದು ಗೆರೆಯನ್ನು ತನ್ನ ಕಡೆಗೆ ಬಲವಾಗಿ ಬಗ್ಗಿಸಿಕೊಳ್ಳುತ್ತದೆ, ತನ್ನ ತಪ್ಪನ್ನು ನಡುವಿನವರ ತಲೆಗೆ ಕಟ್ಟುತ್ತದೆ. ಉಳಿಕೆ ನೋಡಿ ಕಿತ್ತವರು ನಿರಪರಾಧಿಯನ್ನು ಹೊರಗೆ ಹಾಕಿ ಅಪರಾಧಿಯನ್ನು ಇಟ್ಟುಕೊಂಡರು. ಆ ಲೆಕ್ಕದಲ್ಲಿ ಕಾಲುವೆ ಗುರುತಿಸಿದರೆ ಈ ಬಾರಿ ತುದಿಯ ತಳ ಸುಮಾರು 29 ಸೆಂ.ಮೀ. ಕೆಳಗೆ ಹೋಗುತ್ತದೆ, ಆರಂಭದಲ್ಲಿ 5 ಸೆಂ.ಮೀ. ಮೇಲೆ ಉಳಿಯುತ್ತದೆ, ಇಳಿಜಾರು 6500ಕ್ಕೆ 1ರ ಹತ್ತಿರ. ನೀರು ತುದಿಗೇನೋ ಬೇಗ ಮುಟ್ಟುತ್ತದೆ, ಆದರೆ ಅಲ್ಲಿನ ಗದ್ದೆಗೆ ಏರುವಷ್ಟು ಮಟ್ಟ ಇರುವುದಿಲ್ಲ.

ಉಳಿಕೆ ನೋಡುವ ಮುಂಚೆ ಸಮತಲದ ಓರೆ ಎಷ್ಟು ಎಂದು ನೋಡಿದ್ದರೂ ಇದು ಸಿಕ್ಕಿಬೀಳುತ್ತಿತ್ತು. ಈ ಗೆರೆಯ ಓರೆ ಕಿಲೋಮೀಟರಿಗೆ 4.7 ಸೆಂ.ಮೀ. ಅದೇ ಜಾಗದಲ್ಲಿ ಇಜಿಎಂ2008 ಹೇಳುವುದು 1.9. ಬಯಲು ಪ್ರದೇಶದಲ್ಲಿ ಮಾದರಿಯ ಎರಡೂವರೆ ಪಟ್ಟು ಓರೆ ಬಂದರೆ ಜಿಯಾಯ್ಡ್ ಹಾಗಿದೆ ಎಂದುಕೊಳ್ಳುವುದಕ್ಕಿಂತ ಬೆಂಚ್‌ಮಾರ್ಕ್ ಮೇಲೆ ಅನುಮಾನ ಪಡುವುದು ಮೇಲು. ಕಂಟ್ರೋಲರ್‌ಗಳ ವರದಿಯಲ್ಲಿ ಈ ಓರೆ ಉತ್ತರ ದಿಕ್ಕಿಗೆ ಎಷ್ಟು, ಪೂರ್ವಕ್ಕೆ ಎಷ್ಟು ಎಂದು ಎಲ್ಲೋ ಕೆಳಗೆ ಬರೆದಿರುತ್ತದೆ. ಹೆಚ್ಚಿನವರು ಅಲ್ಲಿವರೆಗೆ ಹೋಗುವುದಿಲ್ಲ.

ರಸ್ತೆ, ಕಾಲುವೆ, ಪೈಪ್‌ಲೈನ್‌ಗಳಲ್ಲಿ ಇನ್ನೊಂದು ತೊಡಕು ಇದೆ. ಬೆಂಚ್‌ಮಾರ್ಕ್‌ಗಳು ಒಂದೇ ಸಾಲಿನಲ್ಲಿ ಇರುತ್ತವೆ. ಸಾಲಿನ ಅಡ್ಡಕ್ಕೆ ಸಮತಲವನ್ನು ಹಿಡಿದು ನಿಲ್ಲಿಸಲು ಏನೂ ಇಲ್ಲ. ಒಂದೆರಡು ಸೆಂ.ಮೀ. ತಪ್ಪಿದ್ದರೂ ಅದು ಅಡ್ಡಕ್ಕೆ ಎಷ್ಟು ಬೇಕಾದರೂ ವಾಲಬಹುದು. ಸಾಲಿನ ಮೇಲೆ ಎಲ್ಲ ಚೆನ್ನ, ಎರಡು ಕಿಲೋಮೀಟರ್ ಪಕ್ಕದ ಕ್ವಾರಿಗೋ ಉಪಕಾಲುವೆಗೋ ಹೋದರೆ ಮಟ್ಟ ಎಲ್ಲೆಲ್ಲೋ. ನಾಲ್ಕೂ ದಿಕ್ಕಿನಲ್ಲಿ ಬೆಂಚ್‌ಮಾರ್ಕ್ ಸುತ್ತುವರಿದ ಕೈಗಾರಿಕಾ ಬಡಾವಣೆಯಂಥ ಜಾಗಕ್ಕೆ ಸಮತಲ ಕೂರಿಸುವುದು ಒಪ್ಪುತ್ತದೆ. ಸಾಲಿಗೆ ಒಪ್ಪುವುದಿಲ್ಲ.

ಮಾದರಿಯ ಮೇಲೆ ಬೆಂಚ್‌ಮಾರ್ಕ್ ತಿದ್ದುಪಡಿ. ಆಕಾರವನ್ನು ಮಾದರಿಯಿಂದ, ಎತ್ತರವನ್ನು ಬೆಂಚ್‌ಮಾರ್ಕ್‌ನಿಂದ ತೆಗೆದುಕೊಳ್ಳುವುದು. ಐದಾರು ಕಿಲೋಮೀಟರ್ ದಾಟಿದ ಯಾವ ಸಾಲು ಕೆಲಸಕ್ಕೂ ನನ್ನ ಆಯ್ಕೆ ಇದು. ಕೊನೆಯ ಕಾಲಂನಲ್ಲಿ ಒಪ್ಪುವ ಮೂರರ ಸರಾಸರಿ 0.260. ಆದ್ದರಿಂದ ಈ ಕಾಲುವೆಗೆ

```
H = h - N(EGM2008) - 0.260
```

ಬಿಎಂ-1ರಲ್ಲಿ 642.315 ಬರುತ್ತದೆ, ಆರ್‌ಎಲ್‌ಗೆ 3 ಮಿ.ಮೀ. ಕಡಿಮೆ. ಬಿಎಂ-2ರಲ್ಲಿ 8 ಮಿ.ಮೀ. ಹೆಚ್ಚು, ಬಿಎಂ-3ರಲ್ಲಿ 4 ಮಿ.ಮೀ. ಕಡಿಮೆ. ಜಿಪಿಎಸ್ ಎತ್ತರದ ಮಿತಿಯೇ ಒಂದೆರಡು ಸೆಂ.ಮೀ. ಇರುವಾಗ ಇದಕ್ಕಿಂತ ಚೆನ್ನಾಗಿ ಕೂರಿಸುವ ಆಸೆ ಬೇಡ. ಇಲ್ಲಿ ಓರೆಯನ್ನೂ ಸೇರಿಸಿ ಕೂರಿಸಬಹುದು, ಆದರೆ ವ್ಯತ್ಯಾಸಗಳು ಚೈನೇಜ್ ಜೊತೆ ಒಂದೇ ದಿಕ್ಕಿಗೆ ಏರುತ್ತಲೋ ಇಳಿಯುತ್ತಲೋ ಹೋದರೆ ಮಾತ್ರ. ಈ ಪಟ್ಟಿಯಲ್ಲಿ ಅಂಥದ್ದೇನೂ ಇಲ್ಲ.

ಇನ್ನು ಬಿಎಂ-4. ಈ ಸೂತ್ರದಲ್ಲಿ ಅದರ ಮಟ್ಟ 628.630, ಪಟ್ಟಿಯಲ್ಲಿ 628.951. ತೆಗೆದುಹಾಕಿ ಮರೆಯುವಂತಿಲ್ಲ, ಏಕೆಂದರೆ ಜಿಪಿಎಸ್ ಕಡೆಯೂ ತಪ್ಪಿರಬಹುದು. ಎರಡು ಬಾರಿ ಇಟ್ಟ ಜಿಪಿಎಸ್ ಎತ್ತರ ಒಂದಕ್ಕೊಂದು ಒಪ್ಪಿದೆಯೇ, ಆಂಟೆನಾ ಎತ್ತರವನ್ನು ಓರೆಯಾಗಿ ಅಳೆದು ನೇರ ಎತ್ತರ ಎಂದು ತುಂಬಿದ್ದಾರೆಯೇ ಎಂದು ಮೊದಲು ನೋಡಬೇಕು. ಅಲ್ಲಿ ಸರಿ ಇದ್ದರೆ ಬಿಎಂ-3ರಿಂದ ಬಿಎಂ-4ಕ್ಕೆ ಆಟೋ ಲೆವೆಲ್ ಹಿಡಿದು ಹೋಗಿ ಬರುವುದೇ ಕೊನೆಯ ತೀರ್ಪು. 4.2 ಕಿ.ಮೀ. ದೂರಕ್ಕೆ 12√K ಮಿ.ಮೀ. ಮಿತಿ ಹಿಡಿದರೆ 25 ಮಿ.ಮೀ. ಒಳಗೆ ಮುಚ್ಚಬೇಕು. 32 ಸೆಂ.ಮೀ. ಪ್ರಶ್ನೆಗೆ ಅಷ್ಟು ನಿಖರತೆ ಧಾರಾಳ. ಇಂಥ ತಪ್ಪುಗಳ ಹಿಂದೆ ಸಾಮಾನ್ಯವಾಗಿ ಸಿಗುವುದು ಮೋರಿಯ ಕತೆ: ಗುರುತು ಹಳೆಯ ಪ್ಯಾರಪೆಟ್ ತಲೆಯ ಮೇಲಿತ್ತು, ಲಾರಿ ಗುದ್ದಿತು ಇಲ್ಲವೇ ರಸ್ತೆ ಅಗಲ ಮಾಡುವಾಗ ಒಡೆದರು, ಯಾರೋ ಕೆಳಗಿನ ಕಟ್ಟೆಯ ಮೇಲೆ ಅದೇ ಆರ್‌ಎಲ್ ಬಣ್ಣದಲ್ಲಿ ಮತ್ತೆ ಬರೆದರು.

ನಾಲ್ಕು ಬೆಂಚ್‌ಮಾರ್ಕ್ ಯಾಕೆ ಬೇಕು ಎಂಬುದೂ ಇಲ್ಲಿ ತಿಳಿಯುತ್ತದೆ. ಎರಡಿದ್ದು ಒಪ್ಪದಿದ್ದರೆ ಯಾರು ಸುಳ್ಳು ಎಂದು ಗೊತ್ತಾಗದು. ಮೂರಿದ್ದರೆ ಬೇರೆಯಾದದ್ದು ಕಾಣುತ್ತದೆ. ನಾಲ್ಕಿದ್ದರೆ ಒಂದನ್ನು ತೆಗೆದ ಮೇಲೂ ಪರೀಕ್ಷೆ ಉಳಿಯುತ್ತದೆ.

ನಾಲ್ಕೂ ವ್ಯತ್ಯಾಸಗಳು ಒಟ್ಟಿಗೆ 2.4 ಮೀಟರ್, 3 ಮೀಟರ್ ಎಂದು ಬಂದರೆ ತಪ್ಪು ಬೆಂಚ್‌ಮಾರ್ಕ್‌ನದ್ದಲ್ಲ. ಬೇಸ್ ಅನ್ನು ಯಾವ ತಿಳಿದ ಬಿಂದುವಿಗೂ ಕಟ್ಟದೆ, ಅದು ತಾನೇ ಕಂಡುಕೊಂಡ ಒರಟು ಸ್ಥಾನದಿಂದ ಆರಂಭಿಸಿದ್ದಾರೆ ಎಂದರ್ಥ. ಬೇಸ್‌ನ ದತ್ತಾಂಶವನ್ನು ಸರ್ವೇ ಆಫ್ ಇಂಡಿಯಾದ ಕೋರ್ಸ್ ಜಾಲಕ್ಕೆ ಕಟ್ಟಿ ಅಥವಾ ಆಸ್ಟ್ರೇಲಿಯಾದ ಆಸ್‌ಪಾಸ್‌ನಂಥ ಆನ್‌ಲೈನ್ ಸೇವೆಗೆ ಕೊಟ್ಟು ಎತ್ತರ ಸರಿಪಡಿಸಿ, ಆಮೇಲೆ ಪಟ್ಟಿ ಮಾಡಿ. ತಿದ್ದುಪಡಿ ಹೇಗೂ ಅದನ್ನು ನುಂಗಿಕೊಳ್ಳುತ್ತದೆ ಎಂದು ಬಿಟ್ಟರೆ ಮುಂದಿನ ಬಾರಿ ಬೇಸ್ ಬೇರೆ ಕಡೆ ಇಟ್ಟಾಗ ಆ ತಿದ್ದುಪಡಿ ಕೆಲಸಕ್ಕೆ ಬಾರದು.

ಪೂರ್ತಿ ಲೆವೆಲಿಂಗ್. ಮೇಲ್ಗಾಲುವೆಯ ಎರಡೂ ತುದಿ, ತೂಬಿನ ಹೊಸ್ತಿಲು, ಒಳಚರಂಡಿಯ ಮ್ಯಾನ್‌ಹೋಲ್ ಇನ್ವರ್ಟ್, ಕೆರೆ ಕೋಡಿಯ ತಲೆ. ಇಂಥ ಕಡೆ ಒಂದು ಸೆಂ.ಮೀ. ಕೂಡ ಲೆಕ್ಕಕ್ಕೆ ಬರುತ್ತದೆ, ಆರ್‌ಟಿಕೆ ಅಲ್ಲಿ ಸಲ್ಲದು. ಹಾಗೆಂದು 12 ಕಿ.ಮೀ. ನೆಲದ ಅಡ್ಡಕೊಯ್ತಗಳನ್ನೆಲ್ಲ ಸ್ಟಾಫ್ ಹಿಡಿದು ತೆಗೆಯುವುದು ದಂಡ. ನೆಲಕ್ಕೆ ರೋವರ್, ಕಾಂಕ್ರೀಟ್‌ಗೆ ಆಟೋ ಲೆವೆಲ್ ಎಂದು ಹಂಚಿಕೊಂಡರೆ ಎರಡೂ ತಂಡ ಒಂದೇ ಟಿಬಿಎಂ ಪಟ್ಟಿಯಿಂದ ಹೊರಡಬೇಕು, ಅದು ಲೆವೆಲಿಂಗ್‌ನಿಂದ ಬಂದ ಪಟ್ಟಿಯೇ ಆಗಿರಬೇಕು.

## ಪರದೆ ತೋರಿಸುವ ಎತ್ತರ ಯಾವುದು?

ಅಗ್ಗದ ರಿಸೀವರ್‌ಗಳು, ಫೋನ್ ಆಪ್‌ಗಳು 'ಎಂಎಸ್‌ಎಲ್' ಎಂದು ತೋರಿಸುವ ಎತ್ತರ ಹೆಚ್ಚಾಗಿ ಒಳಗೆ ತುಂಬಿದ ಒರಟು ಇಜಿಎಂ96 ಕೋಷ್ಟಕದಿಂದ ಬಂದದ್ದು. ಭಾರತದ ಎಂಎಸ್‌ಎಲ್‌ಗೆ ಅದು ಕಟ್ಟಿಲ್ಲ. ರಿಸೀವರ್‌ನ GGA ಸಾಲಿನಲ್ಲಿ ಎರಡೂ ಅಂಕಿ ಅಕ್ಕಪಕ್ಕ ಇರುತ್ತವೆ:

```
...,926.1,M,-86.2,M,...
```

ಮೊದಲನೆಯದು ಅದು ಹೇಳುವ ಸಮುದ್ರ ಮಟ್ಟದ ಎತ್ತರ, ಎರಡನೆಯದು ಅದು ಬಳಸಿದ N. ಎರಡನ್ನೂ ಕೂಡಿದರೆ ಎಲಿಪ್ಸಾಯ್ಡ್ ಎತ್ತರ 839.9 ಸಿಗುತ್ತದೆ. ಇಲ್ಲಿಂದ ಮುಂದೆ ನಿಮ್ಮ ಮಾದರಿಯನ್ನು ಹಾಕಿ. ಇದು ಗೊತ್ತಿಲ್ಲದೆ 926.1ರ ಮೇಲೆ ಮತ್ತೊಮ್ಮೆ N ಕಳೆದರೆ 1012 ಬರುತ್ತದೆ. ಪುಣ್ಯಕ್ಕೆ ಇದೂ ಕಣ್ಣಿಗೆ ಬೀಳುವಂಥ ತಪ್ಪು.

ಕಂಪ್ಯೂಟರಿನಲ್ಲಿ ಪ್ರೋಜ್ ಬಳಸಿ ಪರಿವರ್ತಿಸುವುದಾದರೆ:

```
export PROJ_NETWORK=ON
echo "13.0 77.5 840" | cs2cs EPSG:4979 EPSG:4326+3855
```

3855 ಎಂದರೆ ಇಜಿಎಂ2008, 5773 ಎಂದರೆ ಇಜಿಎಂ96. ಬೆಂಗಳೂರಿನ ಹತ್ತಿರದ ಈ ಬಿಂದುವಿಗೆ ಎತ್ತರ ಸುಮಾರು 86 ಮೀಟರ್ ಹೆಚ್ಚಾಗಿ ಬರಬೇಕು. ಮೊದಲ ಸಾಲು ಮರೆತು, ಜಿಯಾಯ್ಡ್ ಕಡತವೂ ಯಂತ್ರದಲ್ಲಿ ಇಲ್ಲದಿದ್ದರೆ ಅದು ಗಲಾಟೆ ಮಾಡದೆ 840ನ್ನೇ ಹಿಂದಿರುಗಿಸಬಹುದು. ಆದ್ದರಿಂದ ದೊಡ್ಡ ಕಡತ ಹಾಕುವ ಮುಂಚೆ ಒಂದು ಬಿಂದು ಹಾಕಿ ನೋಡಿ.

ಹೊರಗಿನಿಂದ ತಂದ ಎತ್ತರದ ನಕ್ಷೆಗಳಿಗೂ ಒಂದೊಂದು ಸೊನ್ನೆ. ಎಸ್‌ಆರ್‌ಟಿಎಂ ಇಜಿಎಂ96ರಲ್ಲಿದೆ, ಕೋಪರ್ನಿಕಸ್ ಇಜಿಎಂ2008ರಲ್ಲಿ, ಇಸ್ರೋದ ಕಾರ್ಟೊಡೆಮ್ ಎಲಿಪ್ಸಾಯ್ಡ್‌ನಲ್ಲಿ. ಡ್ರೋನ್ ಸರ್ವೆಯಲ್ಲಿ ಕ್ಯಾಮೆರಾದ ಆರ್‌ಟಿಕೆ ಎತ್ತರ ಎಲಿಪ್ಸಾಯ್ಡ್‌ನದು, ನೆಲದ ಗುರುತುಗಳ ಎತ್ತರ ಆರ್‌ಎಲ್ ಎಂದು ಬೆರೆತರೆ ಸಾಫ್ಟ್‌ವೇರ್ ಎರಡರ ನಡುವೆ ಎಳೆದಾಡಿ ಮೇಲ್ಮೈಯನ್ನೇ ಬಗ್ಗಿಸುತ್ತದೆ. ಎಲ್ಲವನ್ನೂ h ನಲ್ಲೇ ಸಂಸ್ಕರಿಸಿ, ಕೊನೆಗೆ ಒಮ್ಮೆ ಮಾತ್ರ H ಗೆ ಬದಲಿಸುವುದು ಸುರಕ್ಷಿತ.

## ನಕ್ಷೆಯ ಮೇಲೆ ಏನು ಬರೆಯಬೇಕು

'ಎಲ್ಲ ಮಟ್ಟಗಳು ಎಂಎಸ್‌ಎಲ್‌ನಿಂದ ಮೀಟರಿನಲ್ಲಿ' ಎಂಬ ಒಂದು ಸಾಲಿನಿಂದ ಮುಂದಿನ ತಂಡಕ್ಕೆ ಏನೂ ತಿಳಿಯುವುದಿಲ್ಲ. ಮೇಲಿನ ಕಾಲುವೆಗಾದರೆ ಟಿಪ್ಪಣಿ ಹೀಗಿರಬೇಕು: 'ಮಟ್ಟಗಳು ಜಿಟಿಎಸ್ ಆಧಾರದ ಬಿಎಂ-1, 2, 3ಕ್ಕೆ ಕಟ್ಟಿವೆ (1909ರ ಡೇಟಮ್). ಜಿಪಿಎಸ್ ಎಲಿಪ್ಸಾಯ್ಡ್ ಎತ್ತರದಿಂದ ಇಜಿಎಂ2008ರ N ಮತ್ತು 0.260 ಮೀಟರ್ ಕಳೆದು ಪಡೆದವು. ಬಿಎಂ-4ರ ಪಟ್ಟಿಯ ಮಟ್ಟ 628.951 ಬಳಸಿಲ್ಲ. ಬಿಎಂ-3ರಿಂದ ಲೆವೆಲಿಂಗ್ ಆಗುವವರೆಗೆ ಅಲ್ಲಿಂದ ಯಾರೂ ಮಟ್ಟ ಎತ್ತಿಕೊಳ್ಳಬಾರದು.' ಜೊತೆಗೆ ನಾಲ್ಕೂ ಬಿಂದುಗಳ h, H ಪಟ್ಟಿಯನ್ನು ನಕ್ಷೆಯ ಮೂಲೆಯಲ್ಲೇ ಹಾಕಿ. ನಾಳೆ ಹೊಸ ಜಿಯಾಯ್ಡ್ ಮಾದರಿ ಬಂದರೂ, ಬಿಎಂಗಳ ಮಟ್ಟ ಐವಿಡಿ2009ಕ್ಕೆ ಬದಲಾದರೂ ಆ ಎಂಟು ಅಂಕಿ ಇದ್ದವರು ನೆಲಕ್ಕೆ ಹೋಗದೆ ಲೆಕ್ಕವನ್ನು ಮತ್ತೆ ಮಾಡಿಕೊಳ್ಳಬಹುದು.